‘ನೀರಿನ ಬೇಡಿಕೆ’ ಅಂದರೆ ಲೀಟರೋ ರೂಪಾಯಿಯೋ?

ಎಲ್ಲರಿಗೂ ನಮಸ್ಕಾರ.

ನಮ್ಮೂರಿಗೆ ಹೊಸ ನಲ್ಲಿ ನೀರಿನ ಯೋಜನೆ ಬರುತ್ತಿದೆ. ಅದರ ಇಂಗ್ಲಿಷ್ ವರದಿಯ ಸಾರವನ್ನು ಗ್ರಾಮಸಭೆಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಡಿಮಾಂಡ್’ ಇದ್ದ ಕಡೆ ‘ಬೇಡಿಕೆ’ ಅಂತ ಹಾಕಿ, “2055ರಲ್ಲಿ ದಿನದ ನೀರಿನ ಬೇಡಿಕೆ 2,40,000 ಲೀಟರ್” ಎಂದು ಬರೆದೆ. ಪಂಚಾಯಿತಿಯ ಬಿಲ್ ಕಲೆಕ್ಟರ್ ಅದನ್ನು ಓದಿ, “ಬೇಡಿಕೆ ರೂಪಾಯಲ್ಲಿ ಇರ್ಬೇಕಲ್ವಾ?” ಎಂದು ಕೇಳಿದರು. ಅವರ ಲೆಕ್ಕದಲ್ಲಿ ಬೇಡಿಕೆ, ವಸೂಲಿ, ಬಾಕಿ ಒಂದೇ ಸಾಲಿನಲ್ಲಿ ಬರುತ್ತವೆ. ನೀರಿನ ಬೇಡಿಕೆ ಎಂದರೆ ಮನೆಗಳಿಂದ ಬರಬೇಕಾದ ನೀರಿನ ಕರ.

ಇನ್ನೊಂದು, ‘ಪಾಪ್ಯುಲೇಶನ್ ಫೋರ್‌ಕಾಸ್ಟ್’. ‘ಜನಸಂಖ್ಯೆ ಮುನ್ಸೂಚನೆ’ ಅಂದರೆ ಮಳೆ ಬರುತ್ತದೆ ಅಂದ ಹಾಗೆ ಕೇಳಿಸುತ್ತದೆ. ಏನು ಬರೆಯಲಿ?

ಧಾರವಾಡದಿಂದ, ಕನ್ನಡ ಮೇಷ್ಟ್ರು

‘ಬೇಡಿಕೆ’ ಬಿಡಿ. ಬೇಡುವುದು ಅಂದರೆ ಕೈಚಾಚುವುದು. ‘ಅಗತ್ಯ’ ಎಂದು ಬರೆಯಿರಿ. ಒಬ್ಬರಿಗೆ ದಿನಕ್ಕೆ 55 ಲೀಟರ್ ಅಗತ್ಯ, ಊರಿಗೆ ಇಷ್ಟು ಅಗತ್ಯ. ಎಲ್ಲರಿಗೂ ತಿಳಿಯುತ್ತದೆ.

ತುಮಕೂರಿನಿಂದ, ನಿವೃತ್ತ ಎಂಜಿನಿಯರ್

ಮೇಷ್ಟ್ರು ಹೇಳಿದ್ದು ಅರ್ಧ ಸರಿ. ನಲ್ಲಿಯ ಬಾಯಲ್ಲಿ ‘ಅಗತ್ಯ’ ಸರಿ, ಬೋರ್‌ವೆಲ್ ಹತ್ತಿರ ಅದು ಸಾಲದು. ನಿಮ್ಮದೇ ಲೆಕ್ಕ ನೋಡಿ. 2055ಕ್ಕೆ ಸುಮಾರು 3,700 ಜನ ಎಂದು ಹಿಡಿದಿದ್ದಾರೆ ಅನಿಸುತ್ತದೆ. ತಲಾ 55 ಲೀಟರ್‌ನಂತೆ ಸುಮಾರು 2,04,000 ಲೀಟರ್. ಇದು ಜನರ ಅಗತ್ಯ. ದಾರಿಯಲ್ಲಿ ನೂರಕ್ಕೆ 15 ಸೋರಿಹೋಗುತ್ತದೆ ಎಂದಿಟ್ಟರೆ, ಮೇಲೆತ್ತಬೇಕಾದ್ದು 2,40,000. ನಿಮ್ಮ ವರದಿಯ ‘ಡಿಮಾಂಡ್’ ಇದೇ. ಎರಡಕ್ಕೂ ಒಂದೇ ಪದ ಹಾಕಿದರೆ ಆ 36,000 ಲೀಟರ್ ಕಣ್ಣಿಗೇ ಬೀಳುವುದಿಲ್ಲ.

ಇಲ್ಲೇ ಒಂದು ತಪ್ಪು ನುಸುಳುತ್ತದೆ. “ಸೋರಿಕೆ ಶೇ. 15 ಸೇರಿಸಿ” ಎಂದು ಬರೆದರೆ, ಓದಿದವರು 2,04,000ಕ್ಕೆ ಅದರದೇ ಶೇ. 15 ಕೂಡಿಸುತ್ತಾರೆ. 2,34,600 ಬರುತ್ತದೆ. ಆದರೆ ಸೋರುವುದು ಎತ್ತಿದ ನೀರಿನಲ್ಲಿ ಶೇ. 15. ಹಾಗಾಗಿ 0.85ರಿಂದ ಭಾಗಿಸಬೇಕು. ಸುಮಾರು 5,400 ಲೀಟರ್ ವ್ಯತ್ಯಾಸ, ಹತ್ತಿರ ಹತ್ತಿರ ನೂರು ಜನರ ಪಾಲು. “ಎತ್ತಿದ ನೀರಿನಲ್ಲಿ ನೂರಕ್ಕೆ 15 ಸೋರಿಕೆ” ಎಂದೇ ಬರೆಯಿರಿ.

ಚಳ್ಳಕೆರೆಯಿಂದ

ನಮ್ಮ ಹಟ್ಟಿಗೆ ದಿನ ಬಿಟ್ಟು ದಿನ ನೀರು ಬಿಡುತ್ತಾರೆ. ಮನೆಗೊಂದೆರಡು ಹಸು. ಹಾಲು ಕೊಡೋ ಹಸು ಬೇಸಿಗೆಯಲ್ಲಿ ಒಂದೇ 50 ಲೀಟರ್ ಮೀರಿ ಕುಡಿಯುತ್ತದೆ. ‘ತಲಾ’ ಅಂದರೆ ಅದರ ತಲೆಯೂ ಸೇರುತ್ತಾ?

ತುಮಕೂರಿನಿಂದ

ಸೇರುವುದಿಲ್ಲ. ಆ 55 ಮನುಷ್ಯರಿಗೆ ಮಾತ್ರ. ದನಕರುಗಳಿಗೆ ಬೇಕಾದರೆ ಬೇರೆ ಸಾಲು ಹಾಕಿ ಲೆಕ್ಕ ಮಾಡಬೇಕು. ನಿಮ್ಮ ಪ್ರಶ್ನೆ ಪದದ್ದಲ್ಲದಿದ್ದರೂ ಸರಿಯಾದದ್ದೇ. ಪ್ರಶ್ನೆ ಕೇಳಿದವರು ‘ತಲಾ’ ಬದಲು ‘ಒಬ್ಬ ಮನುಷ್ಯನಿಗೆ’ ಎಂದು ಬರೆದರೆ ಒಳ್ಳೆಯದು.

ಬೆಂಗಳೂರಿನಿಂದ, ಅನುವಾದಕಿ

ಎರಡನೇ ಪದಕ್ಕೆ ಬರೀ ‘ಅಂದಾಜು’ ಸಾಕಲ್ಲವೇ?

ಪ್ರಶ್ನೆ ಕೇಳಿದವರು

ಮೇಡಂ, ಅದೇ ವರದಿಯಲ್ಲಿ ಖರ್ಚಿನ ‘ಅಂದಾಜು ಪಟ್ಟಿ’ಯೂ ಇದೆ. ಅದಕ್ಕೇ ಹಿಂಜರಿಕೆ. ಜನಗಣತಿ ಪ್ರಕಾರ ನಮ್ಮೂರಲ್ಲಿ 1991ರಲ್ಲಿ 2,140, 2001ರಲ್ಲಿ 2,420, 2011ರಲ್ಲಿ 2,630 ಜನ. ಇಷ್ಟರಿಂದಲೇ 2055ಕ್ಕೆ ಮೂರು ಸಂಖ್ಯೆ ಕೊಟ್ಟಿದ್ದಾರೆ. ಹತ್ತು ವರ್ಷಕ್ಕೆ ಒಂದೇ ಸಮ 245 ಜನ ಸೇರಿದರೆ 3,708. ಶೇಕಡಾವಾರು ಬೆಳೆದರೆ ಸುಮಾರು 4,100. ಆ 245ರ ಹೆಚ್ಚಳವೇ ಪ್ರತಿ ಹತ್ತು ವರ್ಷಕ್ಕೆ 70 ಕಡಿಮೆಯಾಗುತ್ತಾ ಹೋದರೆ 2,876. ಆಶಾ ಕಾರ್ಯಕರ್ತೆಯರು 2025ರಲ್ಲಿ ಮನೆ ಎಣಿಸಿದಾಗ ಸುಮಾರು 2,860 ಸಿಕ್ಕಿತು. ಆ ವರ್ಷಕ್ಕೆ ಮೂರನೇ ದಾರಿ 2,855 ಕೊಡುತ್ತದೆ. ಹಾಗಾದರೆ ಅದೇ ನಿಜ ತಾನೇ?

ತುಮಕೂರಿನಿಂದ

ಅಷ್ಟು ಬೇಗ ನಂಬಬೇಡಿ. ಆ ಸೂತ್ರವನ್ನು ಮುಂದಕ್ಕೆ ಓಡಿಸಿ ನೋಡಿ. 2041ರಲ್ಲಿ 2,945ಕ್ಕೆ ಏರಿ, ಅಲ್ಲಿಂದ ಇಳಿಯುತ್ತದೆ. 280 ಇದ್ದ ಹೆಚ್ಚಳ 210 ಆಯಿತು ಎಂಬ ಒಂದೇ ವ್ಯತ್ಯಾಸದ ಮೇಲೆ ಊರು ಕರಗುತ್ತದೆ ಎಂದು ಹೇಳುವುದು ಹೇಗೆ? ದುಡಿಯಲು ಬೆಂಗಳೂರಿಗೆ ಹೋದವರು ಎಣಿಕೆಯಲ್ಲಿ ಇದ್ದರೋ ಇಲ್ಲವೋ ಮೊದಲು ಕೇಳಿ. ಜಾತ್ರೆಗೆ, ಬೇಸಿಗೆ ರಜಕ್ಕೆ ಅವರೆಲ್ಲ ಬರುತ್ತಾರೆ. ನಾನಾಗಿದ್ದರೆ 3,708 ಇಟ್ಟುಕೊಳ್ಳುತ್ತಿದ್ದೆ. ಆದರೆ ಪಂಪನ್ನು 15 ವರ್ಷದ ಲೆಕ್ಕಕ್ಕೆ ಹಾಕಿ, ಮುಂದಿನ ಜನಗಣತಿಯ ಸಂಖ್ಯೆ ನೋಡಿ ಬದಲಾಯಿಸುತ್ತಿದ್ದೆ. ಪೈಪನ್ನು ಹಾಗೆ ಅಗೆದು ಬದಲಾಯಿಸಲು ಆಗುವುದಿಲ್ಲ.

ಬೆಂಗಳೂರಿನಿಂದ

ಒಂದೇ ಊರಿಗೆ ಮೂರು ಉತ್ತರ ಇರುವಾಗ ‘ಮುನ್ಸೂಚನೆ’ ಖಂಡಿತ ಬೇಡ. ‘ಮುನ್ನಂದಾಜು’ ಹೇಗೆ?

ಧಾರವಾಡದಿಂದ

ಪದ ಚೆನ್ನಾಗಿದೆ, ಆದರೆ ಗ್ರಾಮಸಭೆಯಲ್ಲಿ ಯಾರೂ ಆಡದ ಪದ. “2055ಕ್ಕೆ ಎಷ್ಟು ಜನ ಇರಬಹುದು” ಎಂದು ತಲೆಬರಹ ಕೊಡಿ. ‘ಬಹುದು’ ಅನ್ನುವುದರಲ್ಲೇ ಎಲ್ಲ ಇದೆ. ‘ಅಗತ್ಯ’ದ ವಿಷಯದಲ್ಲಿ ಎಂಜಿನಿಯರ್ ಮಾತು ಒಪ್ಪಿದೆ.

ಪ್ರಶ್ನೆ ಕೇಳಿದವರು

ಹೀಗೆ ತಿದ್ದಿದ್ದೇನೆ: “ಜನರಿಗೆ ಬೇಕಾದ ನೀರು 2,04,000 ಲೀಟರ್. ಬೋರ್‌ವೆಲ್‌ನಿಂದ ಎತ್ತಬೇಕಾದ ನೀರು 2,40,000 ಲೀಟರ್.” ‘ಬೇಡಿಕೆ’ಯನ್ನು ಬಿಲ್ ಕಲೆಕ್ಟರಿಗೇ ಬಿಟ್ಟೆ. ತಲೆಬರಹ ಮೇಷ್ಟ್ರು ಹೇಳಿದ್ದೇ. ಆದರೆ ಕೋಷ್ಟಕದ ಸಣ್ಣ ಕಾಲಂನಲ್ಲಿ ಅಷ್ಟುದ್ದ ಹಿಡಿಸುವುದಿಲ್ಲ. ಅಲ್ಲಿಗೆ ಸದ್ಯ ‘ಮುನ್ನಂದಾಜು’ ಹಾಕಿದ್ದೇನೆ. ಇದಕ್ಕಿಂತ ಚಿಕ್ಕದು, ಆಡುಮಾತಿನದು ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಸಭೆ ಬರುವ ಸೋಮವಾರ.