ಪೆಟ್ರೋಲ್ ಲೀಟರಿಗೆ ಎಷ್ಟು ಯೂನಿಟ್? ಅಳೆದು ನೋಡಿದವರ ಲೆಕ್ಕ

ಕೆಂಗೇರಿಯಿಂದ ಪ್ರಶ್ನೆ: ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇದೆ ಅಂತ ಓದಿದೆ. ನನ್ನ ಹೊಸ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ 3 ಯೂನಿಟ್. ಅಂದರೆ ಲೀಟರಿನ ಮೂರನೇ ಒಂದು ಭಾಗ. ಆದರೂ ಒಂದು ಚಾರ್ಜಿಗೆ 85 ಕಿ.ಮೀ. ಓಡುತ್ತದೆ. ಹಳೆಯ ಸ್ಕೂಟರ್ ಅಷ್ಟು ಪೆಟ್ರೋಲಿಗೆ 15 ಕಿ.ಮೀ. ದಾಟುತ್ತಿರಲಿಲ್ಲ. ನನ್ನ ಲೆಕ್ಕ ಎಲ್ಲಿ ತಪ್ಪಿದೆ? ಯಾರಾದರೂ ಕೂತು ಅಳೆದಿದ್ದೀರಾ?

ಚಿತ್ರದುರ್ಗ, ಝೆರಾಕ್ಸ್ ಅಂಗಡಿ: ಲೀಟರಿಗೆ 9 ಯೂನಿಟ್ ಅನ್ನುವುದನ್ನು ನಂಬಿ ಜನರೇಟರ್ ಮಾತ್ರ ತಗೋಬೇಡಿ ಸಾರ್. ನನ್ನ ಹತ್ತಿರ 2 ಕೆ.ವಿ.ಎ. ಪೆಟ್ರೋಲ್ ಜನರೇಟರ್ ಇದೆ. ಝೆರಾಕ್ಸ್ ಮೆಷಿನ್, ಕಂಪ್ಯೂಟರ್, ಫ್ಯಾನ್ ಎಲ್ಲಾ ಸೇರಿ ಸುಮಾರು ಒಂದು ಕಿಲೋವ್ಯಾಟ್ ಎಳೆಯುವಾಗ ಒಂದು ಲೀಟರ್ ಒಂದೂವರೆ ಗಂಟೆ ಬರುತ್ತದೆ. ಅಂದರೆ ಒಂದೂವರೆ ಯೂನಿಟ್ ಅಷ್ಟೇ. ಬರೀ ಎರಡು ಫ್ಯಾನ್, ನಾಲ್ಕು ಬಲ್ಬ್ ಹಾಕಿಕೊಂಡು ಕೂತರೆ ಲೀಟರ್ ಮೂರು ಗಂಟೆ ಬರುತ್ತದೆ. ಉಳಿತಾಯ ಆಯಿತು ಅಂತ ಖುಷಿಪಟ್ಟಿದ್ದೆ. ಆಮೇಲೆ ಲೆಕ್ಕ ಹಾಕಿದರೆ ಸಿಕ್ಕಿದ್ದು ಅರ್ಧ ಯೂನಿಟ್ ಚಿಲ್ಲರೆ! ಮಷಿನ್ ಕೆಟ್ಟಿದೆ ಅಂತ ರಿಪೇರಿಗೂ ಒಯ್ದಿದ್ದೆ. ಏನೂ ಕೆಟ್ಟಿಲ್ಲ, ಲೋಡ್ ಇದ್ದರೂ ಇಲ್ಲದಿದ್ದರೂ ಇಂಜಿನ್ ಒಂದೇ ವೇಗದಲ್ಲಿ ತಿರುಗಲೇಬೇಕು ಅಂದರು.

ಹುಬ್ಬಳ್ಳಿ, ಡಿಪ್ಲೊಮಾ ಎರಡನೇ ವರ್ಷ: ಅವರು ಕೇಳಿದ್ದು ಸ್ಕೂಟರ್ ಬಗ್ಗೆ ಅಣ್ಣಾ. ಉತ್ತರ ಸರಳ. ಪೆಟ್ರೋಲ್ ಇಂಜಿನ್ ದಕ್ಷತೆ ಶೇ. 40, ಮೋಟರ್ ದಕ್ಷತೆ ಶೇ. 90ಕ್ಕಿಂತ ಜಾಸ್ತಿ. ಉಳಿದ ಪೆಟ್ರೋಲ್ ಶಾಖವಾಗಿ ಹೋಗುತ್ತದೆ. ವ್ಯತ್ಯಾಸ ಬರೋದು ಅಲ್ಲಿಂದಲೇ.

ಮೈಸೂರು, ಶಾಲಾ ಶಿಕ್ಷಕಿ: 40ಕ್ಕೆ 90 ಅಂದರೆ ಎರಡು ಪಟ್ಟು ಚಿಲ್ಲರೆ ಆಯಿತು. ಕೇಳಿದವರ ಲೆಕ್ಕದಲ್ಲಿ ಐದಾರು ಪಟ್ಟು ವ್ಯತ್ಯಾಸ ಇದೆಯಲ್ಲಪ್ಪ. ನಾನು ಎರಡೂ ಗಾಡಿಯನ್ನು ಒಂದೇ ದಾರಿಯಲ್ಲಿ ಅಳೆದಿದ್ದೇನೆ, ಹೇಳುತ್ತೇನೆ.

ಮನೆಯಿಂದ ನಂಜನಗೂಡಿನ ಶಾಲೆಗೆ ಹೋಗಿಬರಲು ದಿನಕ್ಕೆ 46 ಕಿ.ಮೀ. ಹಳೆಯ 110 ಸಿಸಿ ಸ್ಕೂಟರಿನಲ್ಲಿ ಹನ್ನೆರಡು ಶಾಲಾ ದಿನ, 552 ಕಿ.ಮೀ., ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಅಳೆದೆ. 12.1 ಲೀಟರ್ ಹಿಡಿಯಿತು. ಒಂದೇ ಬಂಕ್, ಒಂದೇ ಪಂಪ್, ತಾನಾಗಿ ಕಟ್ ಆದ ತಕ್ಷಣ ನಿಲ್ಲಿಸು ಅಂತ ಹುಡುಗನಿಗೆ ಹೇಳಿಟ್ಟಿದ್ದೆ. ಮೊದಲ ಸಲ ಅವನು ಕತ್ತಿನವರೆಗೂ ತುಂಬಿಸಿ ಲೆಕ್ಕ ಕೆಡಿಸಿದ್ದ. ಅಂತೂ ನನ್ನ ಒಂದು ದಿನದ ದಾರಿ ಹೆಚ್ಚುಕಡಿಮೆ ಒಂದು ಲೀಟರ್.

ಎಲೆಕ್ಟ್ರಿಕ್ ಬಂದ ಮೇಲೆ ಪ್ಲಗ್ಗಿಗೂ ಚಾರ್ಜರಿಗೂ ನಡುವೆ ಸಿಕ್ಕಿಸುವ ಪುಟ್ಟ ಮೀಟರ್ ಕೊಂಡೆ. ಅದೇ ದಾರಿ, ಅದೇ ಹನ್ನೆರಡು ದಿನ, ಒಟ್ಟು 21 ಯೂನಿಟ್. ಅಂದರೆ ದಿನಕ್ಕೆ ಒಂದು ಮುಕ್ಕಾಲು ಯೂನಿಟ್. ಒಂದು ಲೀಟರ್ ಮಾಡುತ್ತಿದ್ದ ಕೆಲಸವನ್ನು ಒಂದು ಮುಕ್ಕಾಲು ಯೂನಿಟ್ ಮಾಡಿತು. ಹಣದಲ್ಲಿ ನೂರು ರೂಪಾಯಿಯ ಜಾಗದಲ್ಲಿ ಹನ್ನೆರಡು ರೂಪಾಯಿ.

ಒಂದು ಎಚ್ಚರಿಕೆ. ಮೊದಲು ನಾನು ಡ್ಯಾಶ್‌ಬೋರ್ಡಿನ ಶೇಕಡಾ ನೋಡಿ ಲೆಕ್ಕ ಹಾಕಿದ್ದೆ. ಆಗ ಕಿಲೋಮೀಟರಿಗೆ 33 ವ್ಯಾಟ್-ಅವರ್ ಬಂದಿತ್ತು. ಗೋಡೆಯ ಮೀಟರ್ ಹೇಳಿದ್ದು 38. ನಡುವಿನ 5 ಚಾರ್ಜರಿನ ಬಿಸಿಯಲ್ಲೂ ಬ್ಯಾಟರಿ ಬಿಸಿಯಲ್ಲೂ ಹೋಗುತ್ತದೆ. ಬಿಲ್ ಬರುವುದು ಗೋಡೆಯಿಂದ, ಹಾಗಾಗಿ ನೀವು 38 ಅನ್ನೇ ಹಿಡಿಯಿರಿ.

ಶಕ್ತಿನಗರ, ಥರ್ಮಲ್ ಪ್ಲಾಂಟಿನಿಂದ ನಿವೃತ್ತ: ಮೇಡಂ ಅಂಕಿ ಚೆನ್ನಾಗಿವೆ. ಅಂಗಡಿಯವರ ಅಂಕಿಯನ್ನೂ ಬದಿಗೆ ತಳ್ಳಬೇಡಿ, ಅದೂ ಬೇಕಾಗುತ್ತದೆ.

ಮೊದಲು ಹುಬ್ಬಳ್ಳಿ ಹುಡುಗನಿಗೆ. ಶೇ. 40 ಅನ್ನುವುದು ಒಳ್ಳೆಯ ಹೈಬ್ರಿಡ್ ಕಾರಿನ ಇಂಜಿನ್, ಅದಕ್ಕೆ ಒಗ್ಗುವ ಲೋಡಿನಲ್ಲಿ ಕೊಡುವ ಅಂಕಿ. ಸಣ್ಣ ಸ್ಕೂಟರ್ ಬಹಳ ಹೊತ್ತು ಅರ್ಧ ಆಕ್ಸಿಲರೇಟರಿನಲ್ಲಿ ಓಡುತ್ತದೆ, ಸಿಗ್ನಲ್ಲಿನಲ್ಲಿ ಸುಮ್ನೆ ಉರಿಯುತ್ತದೆ, ಬೆಲ್ಟಿನಲ್ಲಿ ಇನ್ನಷ್ಟು ಕಳೆಯುತ್ತದೆ. ಚಕ್ರಕ್ಕೆ ತಲುಪುವುದು ಶೇ. 15ರಿಂದ 20. ಶಾಖ ಎಲ್ಲಿ ಹೋಯಿತು ಅಂತ ಹುಡುಕಬೇಕಿಲ್ಲ. ಮನೆಗೆ ಬಂದ ಕೂಡಲೇ ಹಳೆಯ ಗಾಡಿಯ ಸೈಲೆನ್ಸರ್ ಹತ್ತಿರ ಕೈ ಹಿಡಿಯಿರಿ, ಆಮೇಲೆ ಹೊಸ ಗಾಡಿಯ ಮೋಟರ್ ಹತ್ತಿರ ಹಿಡಿಯಿರಿ.

ಈಗ ಮೂಲ ಪ್ರಶ್ನೆಗೆ. ಗುಣಾಕಾರದಲ್ಲಿ ತಪ್ಪಿಲ್ಲ. ಪೆಟ್ರೋಲಿನ 9 ಯೂನಿಟ್ ಶಾಖದ ಯೂನಿಟ್. ಈಗ ಬರುವ ಶೇ. 20 ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಅದು ಎಂಟು ಕಾಲು, ಎಂಟೂವರೆ ಆಗುತ್ತದೆ, ಎಥನಾಲಿನಲ್ಲಿ ಶಕ್ತಿ ಕಡಿಮೆ. ಬ್ಯಾಟರಿಯ 3 ಯೂನಿಟ್ ವಿದ್ಯುತ್ತಿನದು. ಶಾಖವನ್ನು ಕೆಲಸ ಮಾಡಿಸುವಾಗ ಆಗುವ ದೊಡ್ಡ ನಷ್ಟವನ್ನು ಬೇರೆ ಯಾರೋ, ಬೇರೆ ಕಡೆ, ಮೊದಲೇ ಕಟ್ಟಿ ಮುಗಿಸಿದ್ದಾರೆ. ನೀವು ಭತ್ತವನ್ನೂ ಅಕ್ಕಿಯನ್ನೂ ಒಂದೇ ಸೇರಿನಲ್ಲಿ ಅಳೆದು ಹೋಲಿಸಿದ್ದೀರಿ.

ನಂಬಿಕೆ ಬರದಿದ್ದರೆ ಅಂಗಡಿಯವರ ಜನರೇಟರಿಗೆ ಮೇಡಂ ಸ್ಕೂಟರಿನ ಚಾರ್ಜರ್ ಸಿಕ್ಕಿಸಿ ನೋಡಿ, ಮನಸ್ಸಿನಲ್ಲೇ ಸಾಕು. ಒಂದು ಲೀಟರ್ ಸುಟ್ಟರೆ ಒಂದೂವರೆ ಯೂನಿಟ್. ಕಿಲೋಮೀಟರಿಗೆ 38ರ ಲೆಕ್ಕದಲ್ಲಿ ಆ ಸ್ಕೂಟರ್ 39, 40 ಕಿ.ಮೀ. ಹೋಗುತ್ತದೆ. ಅದೇ ಲೀಟರನ್ನು ಹಳೆಯ ಸ್ಕೂಟರಿಗೆ ಹಾಕಿದರೆ 46. ಪೆಟ್ರೋಲ್ ಗಾಡಿಯೇ ಗೆದ್ದಿತು! ಮೋಟರಿನಲ್ಲಿ ಮಾಯೆ ಏನೂ ಇಲ್ಲ. ಸುಡುವ ಕೆಲಸ ಇನ್ನೊಂದು ಕಡೆ ಆಗಿರುತ್ತದೆ, ಅಲ್ಲಿ ಎಷ್ಟು ಚೆನ್ನಾಗಿ ಆಗುತ್ತದೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ.

ಚಿತ್ರದುರ್ಗ, ಝೆರಾಕ್ಸ್ ಅಂಗಡಿ: ಹಾಗಾದರೆ ಜನರೇಟರಿಂದ ಗಾಡಿ ಚಾರ್ಜ್ ಮಾಡಿದರೆ ನಷ್ಟ ಅಂತಾಯಿತು. ಹೋದ ತಿಂಗಳು ಕರೆಂಟ್ ಹೋದಾಗ ತಮ್ಮ ಅದನ್ನೇ ಮಾಡಿದ್ದ.

ತುಮಕೂರು, ಗೃಹಿಣಿ: ನಮ್ಮ ಮನೆ ಗೃಹಜ್ಯೋತಿಯಲ್ಲಿದೆ, ಬಿಲ್ ಬರುವುದಿಲ್ಲ. ನಮಗೆ ಈ ಯೂನಿಟ್ ಲೆಕ್ಕ ಏಕೆ ಬೇಕು?

ಮೈಸೂರು, ಶಾಲಾ ಶಿಕ್ಷಕಿ: ಬೇಕು ಅಕ್ಕಾ. ಅಲ್ಲಿ ನಿಮ್ಮ ಹಳೆಯ ಬಳಕೆಯ ಸರಾಸರಿ, ಅದರ ಮೇಲೆ ಸ್ವಲ್ಪ, ಅಷ್ಟೇ ಉಚಿತ. ಸ್ಕೂಟರ್ ಬಂದರೆ ತಿಂಗಳಿಗೆ ನಲವತ್ತೋ ಐವತ್ತೋ ಯೂನಿಟ್ ಜಾಸ್ತಿ ಆಗುತ್ತದೆ. ಹೆಚ್ಚಾದದ್ದಕ್ಕೆ ದುಡ್ಡು ಕಟ್ಟಬೇಕು. ಒಟ್ಟು 200 ದಾಟಿದರೆ ಪೂರ್ತಿ ಬಿಲ್ಲೇ ಬರುತ್ತದೆ.

ಹುಬ್ಬಳ್ಳಿ, ಡಿಪ್ಲೊಮಾ ಎರಡನೇ ವರ್ಷ: ಸಾರ್, ಶೇ. 40 ಹಾಗೇ ಬಳಸಿದ್ದು ನನ್ನ ತಪ್ಪು. ಆದರೆ ನಿಮ್ಮ ಪ್ಲಾಂಟಿನಲ್ಲಿ ಕಲ್ಲಿದ್ದಲು ಸುಡುವಾಗಲೂ ನಷ್ಟ ಇದೆ ಅಲ್ವಾ? ಅದನ್ನು ಸೇರಿಸಿದರೆ ಎಲೆಕ್ಟ್ರಿಕ್ ಗಾಡಿಗೆ ಲಾಭವೇ ಇಲ್ಲ ಅನ್ನಬಹುದಾ?

ಶಕ್ತಿನಗರ, ಥರ್ಮಲ್ ಪ್ಲಾಂಟಿನಿಂದ ನಿವೃತ್ತ: ಪೂರ್ತಿ ಇಲ್ಲ ಅನ್ನಲಾಗದು, ಆದರೆ ಐದು ಪಟ್ಟು ಲಾಭ ಖಂಡಿತ ಉಳಿಯುವುದಿಲ್ಲ. ನಾವು ಶಿಫ್ಟಿನಲ್ಲಿ ದಿನಾ ನೋಡುತ್ತಿದ್ದುದು ಕಿಲೋಕ್ಯಾಲರಿಯ ಲೆಕ್ಕ. ಒಂದು ಯೂನಿಟ್ ಅಂದರೆ 860. ಹಳೆಯ ಘಟಕಗಳಲ್ಲಿ ಅದನ್ನು ಹುಟ್ಟಿಸಲು ಸುಮಾರು 2500 ಕಿಲೋಕ್ಯಾಲರಿಯ ಕಲ್ಲಿದ್ದಲು ಬೇಕಿತ್ತು. ಮುಕ್ಕಾಲು ಕೆ.ಜಿ.ಗೆ ಸ್ವಲ್ಪ ಕಡಿಮೆ ಅಂದುಕೊಳ್ಳಿ. ಉಳಿದದ್ದರಲ್ಲಿ ಹೆಚ್ಚು ಪಾಲು ಕೂಲಿಂಗ್ ಟವರಿನ ನೀರಿಗೆ, ಇನ್ನಷ್ಟು ಚಿಮಣಿಗೆ. ಆಮೇಲೆ ಪ್ಲಾಂಟಿನ ಸ್ವಂತ ಪಂಪು, ಫ್ಯಾನುಗಳು ಒಂದಿಷ್ಟು ತಿನ್ನುತ್ತವೆ. ಲೈನು, ಟ್ರಾನ್ಸ್‌ಫಾರ್ಮರುಗಳಲ್ಲಿ ಇನ್ನಷ್ಟು ಸೋರುತ್ತದೆ. ಎಲ್ಲಾ ಕಳೆದು ನೋಡಿದರೆ ನಿಮ್ಮ ಪ್ಲಗ್ಗಿನ ಒಂದು ಯೂನಿಟ್ಟಿಗೆ ಬಾಯ್ಲರಿನಲ್ಲಿ ಮೂರೂವರೆ ಯೂನಿಟ್ಟಿಗೂ ಜಾಸ್ತಿ ಶಾಖ ಸುಟ್ಟಿರುತ್ತದೆ.

ಮೇಡಂ ಅವರ ಒಂದು ಮುಕ್ಕಾಲು ಯೂನಿಟ್ ಹಿಂದೆ ಹೀಗೆ ಆರು, ಆರೂವರೆ ಯೂನಿಟ್ ಕಲ್ಲಿದ್ದಲಿನ ಶಾಖ ಇದೆ. ಪೆಟ್ರೋಲಿನದು ಎಂಟು ಕಾಲು, ಅದಕ್ಕೆ ರಿಫೈನರಿ, ಟ್ಯಾಂಕರ್ ಖರ್ಚು ಬೇರೆ. ಎಲೆಕ್ಟ್ರಿಕ್ ಮುಂದಿದೆ, ಆದರೆ ನೀವು ಅಂದುಕೊಂಡಷ್ಟು ಅಲ್ಲ.

ಪಾವಗಡ, ಸೋಲಾರ್ ಪಾರ್ಕಿನಲ್ಲಿ ಕೆಲಸ: ಇದು ಎಲ್ಲಾ ಕರೆಂಟೂ ಕಲ್ಲಿದ್ದಲಿನದು ಅನ್ನುವ ಲೆಕ್ಕ ಯಜಮಾನರೇ. ನಮ್ಮಲ್ಲಿ ಏನೂ ಸುಡುವುದಿಲ್ಲ, ಶರಾವತಿಯಲ್ಲೂ ಸುಡುವುದಿಲ್ಲ. ನೀರು ಬಿದ್ದು ಟರ್ಬೈನ್ ತಿರುಗಿದರೆ ಶೇ. 90ರ ಹತ್ತಿರ ಕರೆಂಟ್ ಆಗುತ್ತದೆ.

ಶಕ್ತಿನಗರ, ಥರ್ಮಲ್ ಪ್ಲಾಂಟಿನಿಂದ ನಿವೃತ್ತ: ಒಪ್ಪಿದೆ. ಆದರೆ ಮೇಡಂ ಗಾಡಿ ಚಾರ್ಜಿಗೆ ಹಾಕುವುದು ರಾತ್ರಿ ಹತ್ತಕ್ಕೆ ಇರಬೇಕು. ಆಗ ನಿಮ್ಮ ಪಾವಗಡ ಮಲಗಿರುತ್ತದೆ.

ಪಾವಗಡ, ಸೋಲಾರ್ ಪಾರ್ಕಿನಲ್ಲಿ ಕೆಲಸ: ಶಾಲೆಯಲ್ಲೇ ಮಧ್ಯಾಹ್ನ ಚಾರ್ಜ್ ಮಾಡಲಿ.

ಮೈಸೂರು, ಶಾಲಾ ಶಿಕ್ಷಕಿ: ಹೆಡ್‌ಮಾಸ್ಟರನ್ನು ನೀವೇ ಕೇಳಿ ಕೊಡಿ!

ಉಡುಪಿ, ಕ್ಯಾಂಟೀನ್: ನನಗೆ ಇದು ಬಹಳ ಉಪಯೋಗ ಆಯಿತು. ಇಂಡಕ್ಷನ್ ಒಲೆ ತಗೊಳ್ಳುವ ಯೋಚನೆ ಇತ್ತು. ಮನೆಯ 14.2 ಕೆ.ಜಿ. ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್ ಶಾಖ ಇದೆಯಂತೆ. ಐದರಿಂದ ಭಾಗಿಸಿದರೆ 36 ಯೂನಿಟ್ ಕರೆಂಟಿನಲ್ಲಿ ಒಂದು ಸಿಲಿಂಡರ್ ಅಡುಗೆ ಮುಗಿಯುತ್ತದೆ. ಸರಿ ತಾನೇ?

ಶಕ್ತಿನಗರ, ಥರ್ಮಲ್ ಪ್ಲಾಂಟಿನಿಂದ ನಿವೃತ್ತ: ಅಯ್ಯೋ, ಬೇಡ! ಆ ಐದು ಸ್ಕೂಟರಿನ ಐದು. ಅಡುಗೆಗೆ ನಿಮಗೆ ಬೇಕಾಗಿರುವುದೇ ಶಾಖ. ಗ್ಯಾಸ್ ಒಲೆ ತನ್ನ ಶಾಖದಲ್ಲಿ ಶೇ. 65ರಷ್ಟನ್ನು ಪಾತ್ರೆಗೆ ಕೊಡುತ್ತದೆ, ಇಂಡಕ್ಷನ್ ಶೇ. 85ರ ಆಸುಪಾಸು. ಹಾಗೆ ನೋಡಿದರೆ ಒಂದು ಸಿಲಿಂಡರ್ ಕೆಲಸಕ್ಕೆ 135, 140 ಯೂನಿಟ್ ಬೇಕು. 36 ಅಂತ ಹಿಡಿದು ಚಟ್ನಿ, ಸಾಂಬಾರಿನ ರೇಟ್ ಇಳಿಸಬೇಡಿ. ಗೀಸರಿನಲ್ಲೂ ಹೀಗೇ. 15 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು ಮುಕ್ಕಾಲು ಯೂನಿಟ್ಟಿಗಿಂತ ಕಡಿಮೆ ಸಾಕು. ನೀರು ಕಾಯಿಸುವ ಕೆಲಸಕ್ಕೆ ಮಾತ್ರ ಪೆಟ್ರೋಲಿನ ಎಂಟೂ ಚಿಲ್ಲರೆ ಯೂನಿಟ್ ನಿಜವಾಗಿಯೂ ಎಂಟು ಯೂನಿಟ್ಟಿನ ಹತ್ತಿರ ಬರುತ್ತದೆ. ಆದರೆ ಪೆಟ್ರೋಲಿನಲ್ಲಿ ಯಾರೂ ನೀರು ಕಾಯಿಸುವುದಿಲ್ಲ ಬಿಡಿ.

ಉಡುಪಿ, ಕ್ಯಾಂಟೀನ್: ಹಾಗಾದರೆ ಸದ್ಯ ಗ್ಯಾಸೇ ಇರಲಿ.

ಕೆಂಗೇರಿ, ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಮೇಡಂ ಹೇಳಿದ ಥರದ ಮೀಟರ್ ತಂದು ಒಂದು ವಾರ ಬರೆದಿಟ್ಟೆ. 180 ಕಿ.ಮೀ.ಗೆ 7.9 ಯೂನಿಟ್. ಕಿಲೋಮೀಟರಿಗೆ 44 ಆಯಿತು, ಮೇಡಂ ಅವರದು 38. ಗಾಡಿ ಇಬ್ಬರದೂ ಒಂದೇ ಅಳತೆಯದು. ನನ್ನ ಬ್ಯಾಟರಿಯೋ ಚಾರ್ಜರೋ ಕೆಟ್ಟಿದೆಯಾ?

ಮೈಸೂರು, ಶಾಲಾ ಶಿಕ್ಷಕಿ: ನನ್ನದು ಖಾಲಿ ಹೈವೇ, ಒಬ್ಬಳೇ, 45ರ ವೇಗ. ನೀವು ಮೈಸೂರು ರಸ್ತೆಯ ಸಿಗ್ನಲ್ಲುಗಳಲ್ಲಿ ನಿಂತು ನಿಂತು ಹೋಗುತ್ತೀರಿ. ಹಿಂದೆ ಯಾರಾದರೂ ಕೂರುತ್ತಾರಾ? ಟೈರಿನ ಗಾಳಿ ನೋಡಿದ್ದೀರಾ? ಡ್ಯಾಶ್‌ಬೋರ್ಡ್ 38ರ ಹತ್ತಿರ ತೋರಿಸಿದರೆ ಖರ್ಚು ರಸ್ತೆಯಲ್ಲಿದೆ. ಅದು 33 ತೋರಿಸಿ ಗೋಡೆ ಮಾತ್ರ 44 ಅಂದರೆ ಚಾರ್ಜರ್ ಮೇಲೆ ಅನುಮಾನ ಪಡಿ.

ಕೆಂಗೇರಿ, ಕೇಳಿದವರು: ಡ್ಯಾಶ್‌ಬೋರ್ಡ್ 38 ತೋರಿಸುತ್ತಿದೆ. ಮಗಳನ್ನು ಕಾಲೇಜಿಗೆ ಬಿಡುತ್ತೇನೆ, ಹಾಗಾಗಿ ಅರ್ಧ ದಾರಿ ಇಬ್ಬರು. ಈಗ ತಾನೇ ಹೋಗಿ ಗಾಳಿ ನೋಡಿಸಿದೆ. ಹಿಂದಿನ ಟೈರಿನಲ್ಲಿ ಕಂಪನಿ ಹೇಳಿದ್ದಕ್ಕಿಂತ ಹತ್ತು ಪಾಯಿಂಟ್ ಕಡಿಮೆ ಇತ್ತು. ತುಂಬಿಸಿದ್ದೇನೆ. ಮೀಟರನ್ನು ಸೊನ್ನೆಗೆ ತಂದಿದ್ದೇನೆ, ಮುಂದಿನ ಶನಿವಾರ ಬಂದು ಹೇಳುತ್ತೇನೆ.