ಪದಚರ್ಚೆ: ‘ಸಕ್ಕರೆ ತೆರಿಗೆ’ ಅಂದರೆ ಸಕ್ಕರೆಯ ಮೇಲಿನ ತೆರಿಗೆಯೇ?

ಹಾಸನದಿಂದ, ಪ್ರಶ್ನೆ

ಬಳಗದವರಿಗೆ ನಮಸ್ಕಾರ. ಪಿಯುಸಿ ಮಕ್ಕಳಿಗಾಗಿ ಒಂದು ಕಿರುಹೊತ್ತಗೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬ್ರಿಟನ್, ಮೆಕ್ಸಿಕೊ ಕಡೆ ‘ಶುಗರ್ ಟ್ಯಾಕ್ಸ್’ ಹಾಕಿದ ಮೇಲೆ ಜನ ಕೊಳ್ಳುವುದು ಬದಲಾಯಿತೇ ಎನ್ನುವುದು ಅದರ ವಿಷಯ. ‘ಸಕ್ಕರೆ ತೆರಿಗೆ’ ಎಂದು ಬರೆದು ಕರಡನ್ನು ಇಬ್ಬರಿಗೆ ಕೊಟ್ಟೆ. ಇಬ್ಬರೂ ಕೇಳಿದ್ದು ಒಂದೇ ಮಾತು: ‘ಹಾಗಾದರೆ ಸಕ್ಕರೆ ಕೆ.ಜಿ.ಗೆ ಎಷ್ಟಾಯಿತು?’ ಆ ದೇಶಗಳಲ್ಲಿ ತೆರಿಗೆ ಬಿದ್ದದ್ದು ಬಾಟಲಿ ಪಾನೀಯಕ್ಕೆ, ಚೀಲದ ಸಕ್ಕರೆಗಲ್ಲ. ಬ್ರಿಟನ್ನಿನ ಕಾನೂನಿನ ಹೆಸರಲ್ಲಿ ‘ಲೆವಿ’ ಎಂದಿರುವುದರಿಂದ ‘ಸಕ್ಕರೆ ಲೆವಿ’ ಎಂದೂ ಬರೆದು ನೋಡಿದೆ. ನಮ್ಮ ಕಡೆ ಹಿರಿಯರ ಕಿವಿಗೆ ಅದು ಬೇರೆಯೇ ಕೇಳುತ್ತದೆ.

ತಂಬಾಕು, ಹೆಂಡ, ಸಿಹಿಪಾನೀಯದಂಥವನ್ನು ಜನ ಕಡಿಮೆ ಕೊಳ್ಳಲೆಂದು ಹಾಕುವ ತೆರಿಗೆಗೆ ಇನ್ನೆರಡು ಪದಗಳಿವೆ. ‘ಹೆಲ್ತ್ ಟ್ಯಾಕ್ಸ್’ಗೆ ‘ಆರೋಗ್ಯ ತೆರಿಗೆ’ ಸಾಕೇ? ‘ಸಿನ್ ಟ್ಯಾಕ್ಸ್’ಗೆ ‘ಪಾಪದ ತೆರಿಗೆ’ ಎಂದು ಬರೆದರೆ ನನಗಂತೂ ‘ಅಯ್ಯೋ ಪಾಪ’ ಎನ್ನುವ ಪಾಪವೇ ಕೇಳಿಸುತ್ತದೆ.

ಚನ್ನರಾಯಪಟ್ಟಣದಿಂದ

ಮೇಡಂ, ಸಕ್ಕರೆಗೆ ಇನ್ನೊಂದು ತೆರಿಗೆ ಬೇಕು ಅಂತ ಪುಸ್ತಕ ಬರೀತಿದ್ದೀರಾ? ಕಬ್ಬು ಬೆಳೆದವನ ಗತಿ ಏನು? ಈಗಾಗಲೇ ಸಕ್ಕರೆಗೆ 5 ಪರ್ಸೆಂಟ್ ಜಿಎಸ್‌ಟಿ ಇದೆ. ಲೆವಿ ಅಂದರೆ ನಮಗೆ ಗೊತ್ತಿರೋದು ಲೆವಿ ಸಕ್ಕರೆ. ಫ್ಯಾಕ್ಟರಿ ತಯಾರಿಸಿದ ಸಕ್ಕರೆಯಲ್ಲಿ ಒಂದು ಪಾಲನ್ನು ಸರ್ಕಾರ ಹೇಳಿದ ರೇಟಿಗೆ ರೇಷನ್ನಿಗೆ ಕೊಡಬೇಕಿತ್ತು. ಕೊನೇಲಿ ಆ ಪಾಲು ನೂರಕ್ಕೆ ಹತ್ತಕ್ಕೆ ಇಳಿದು, 2013ರಲ್ಲಿ ಅದೂ ಹೋಯಿತು. ಆ ಪದ ಮತ್ತೆ ತರಬೇಡಿ. ಆಲೆಮನೆ ಬೆಲ್ಲಕ್ಕೂ ಈ ತೆರಿಗೆ ಬರುತ್ತಾ, ಅದನ್ನೂ ಹೇಳಿ.

ಚಿಕ್ಕಮಗಳೂರಿನಿಂದ

ಗೌಡ್ರೇ, ಮೇಡಂ ತೆರಿಗೆ ಹಾಕಲು ಹೊರಟಿಲ್ಲ, ಹೆಸರು ಹುಡುಕುತ್ತಿದ್ದಾರೆ. ಆದರೂ ನೀವು ಹೇಳಿದ್ದರಿಂದ ಒಂದು ಕೆಲಸವಾಯಿತು, ‘ಲೆವಿ’ ಪಟ್ಟಿಯಿಂದ ಹೊರಬಿತ್ತು. ಬಿಡಿಯಾಗಿ ತೂಗಿ ಮಾರುವ ಬೆಲ್ಲಕ್ಕೆ ಜಿಎಸ್‌ಟಿ ಇಲ್ಲ. ಲೇಬಲ್ ಹಚ್ಚಿ ಪ್ಯಾಕೆಟ್ ಮಾಡಿದ್ದಕ್ಕೆ 2022ರ ಜುಲೈನಿಂದ 5 ಪರ್ಸೆಂಟ್. ಈ ಚರ್ಚೆಯ ತೆರಿಗೆಗೂ ಬೆಲ್ಲಕ್ಕೂ ಸಂಬಂಧವಿಲ್ಲ.

ವಾಣಿಜ್ಯ ತೆರಿಗೆಯ ಕಡತಗಳಲ್ಲಿ ಕಣ್ಣು ಸವೆಸಿದವನಾಗಿ ಹೇಳುವುದಾದರೆ, ಪದ ಆರಿಸುವ ಮುಂಚೆ ತೆರಿಗೆಯನ್ನು ಯಾವುದರ ಮೇಲೆ ಅಳೆಯುತ್ತಾರೆ ಅಂತ ಕೇಳಬೇಕು. ಮೇಡಂ ಹೇಳಿದ ದೇಶಗಳು ಒಂದೇ ಅಳತೆಯಲ್ಲಿ ಅಳೆಯುವುದಿಲ್ಲ.

ಮೆಕ್ಸಿಕೊ 2014ರ ಜನವರಿಯಿಂದ, ಸಕ್ಕರೆ ಬೆರೆಸಿದ ಪಾನೀಯಕ್ಕೆ ಲೀಟರಿಗೆ ಒಂದು ಪೆಸೊ ಹಾಕಿತು. ಸಕ್ಕರೆ ಎಷ್ಟಿದ್ದರೂ ಲೀಟರಿಗೆ ಅದೇ ಒಂದು ಪೆಸೊ. ಅಳತೆ ಲೀಟರಿನದು. ಬ್ರಿಟನ್ ಮೆಟ್ಟಿಲು ಕಟ್ಟಿತು. 2018ರ ಏಪ್ರಿಲ್‌ನಲ್ಲಿ ಶುರುವಾದಾಗ, ನೂರು ಮಿಲಿಲೀಟರಿಗೆ 5 ಗ್ರಾಂಗಿಂತ ಕಡಿಮೆ ಸಕ್ಕರೆ ಇದ್ದರೆ ಏನೂ ಇಲ್ಲ. 5 ಗ್ರಾಂ ಮುಟ್ಟಿದರೆ ಲೀಟರಿಗೆ 18 ಪೆನ್ಸ್, 8 ಮುಟ್ಟಿದರೆ 24 ಪೆನ್ಸ್. ಇಲ್ಲಿ ಸಕ್ಕರೆಯನ್ನು ನಿಜವಾಗಿ ಅಳೆಯುತ್ತಾರೆ. ಅಮೆರಿಕದ ಫಿಲಡೆಲ್ಫಿಯಾ ನಗರ 2017ರಲ್ಲಿ ಸಕ್ಕರೆ ಇಲ್ಲದ ‘ಡಯಟ್’ ಪಾನೀಯವನ್ನೂ ಸೇರಿಸಿ ತೆರಿಗೆ ಹಾಕಿತು. ಅದನ್ನು ಸಕ್ಕರೆ ತೆರಿಗೆ ಅಂದರೆ ತಪ್ಪೇ ಆಗುತ್ತದೆ.

ಹಾಗಾಗಿ ನನ್ನ ಸಲಹೆ ಇದು. ಬ್ರಿಟನ್ನಿನದಕ್ಕೆ ‘ಸಕ್ಕರೆ ಪ್ರಮಾಣದ ಸುಂಕ’, ಮೆಕ್ಸಿಕೊದ್ದಕ್ಕೆ ‘ಸಿಹಿಪಾನೀಯ ಸುಂಕ’, ಫಿಲಡೆಲ್ಫಿಯಾದ್ದಕ್ಕೆ ಬರೀ ‘ಪಾನೀಯ ತೆರಿಗೆ’. ಸುಂಕ ಅಂದದ್ದು ಬೇಕಂತಲೇ. ಸರಕಿನ ಲೆಕ್ಕಕ್ಕೆ, ಇಷ್ಟು ಲೀಟರಿಗೆ ಇಷ್ಟು ಅಂತ ಬೀಳುವುದಕ್ಕೆ ಕನ್ನಡದಲ್ಲಿ ಸುಂಕವೇ ಒಗ್ಗುತ್ತದೆ. ಅಬಕಾರಿ ಸುಂಕ, ಆಮದು ಸುಂಕ ಅನ್ನುತ್ತೇವೆ, ಆದಾಯ ಸುಂಕ ಅನ್ನುವುದಿಲ್ಲ. ನಮ್ಮ ಕಡೆಯ ಹೊಯ್ಸಳರ ಶಾಸನಗಳಲ್ಲೂ ಹೆಜ್ಜುಂಕ ಬರುವುದು ವ್ಯಾಪಾರದ ಸರಕಿನ ಮಾತು ಬಂದಾಗಲೇ.

ಸಕಲೇಶಪುರದಿಂದ

ರಾಯರೇ, ಪದ ಯಾವುದಾದರೂ ಇರಲಿ, ಇದರಿಂದ ಕೊಳ್ಳುವುದು ಕಡಿಮೆಯಾಗುತ್ತೆ ಅನ್ನೋದನ್ನ ನಾನು ಒಪ್ಪಲ್ಲ. 2025ರ ಸೆಪ್ಟೆಂಬರ್ 22ರಿಂದ ಕೋಲಾಕ್ಕೆ 40 ಪರ್ಸೆಂಟ್ ಜಿಎಸ್‌ಟಿ ಬಂತು, ಪತ್ರಿಕೆಗಳೆಲ್ಲ ‘ಸಿನ್ ಟ್ಯಾಕ್ಸ್’ ಅಂತ ಬರೆದವು. ಬಸ್‌ಸ್ಟ್ಯಾಂಡ್ ಪಕ್ಕದ ನನ್ನ ಅಂಗಡಿಯಲ್ಲಿ ಒಂದು ಕ್ರೇಟೂ ಕಡಿಮೆ ಹೋಗಲಿಲ್ಲ. ಇಷ್ಟು ದೊಡ್ಡ ತೆರಿಗೆಗೇ ಜಗ್ಗದವರು ಲೀಟರಿಗೆ ಒಂದು ಪೆಸೊಗೆ ಜಗ್ಗುತ್ತಾರಾ?

ಚಿಕ್ಕಮಗಳೂರಿನಿಂದ

ಶೆಟ್ರೇ, ನೀವು ಕಂಡದ್ದು ಸರಿಯೇ, ಅದಕ್ಕೆ ಕೊಟ್ಟ ಕಾರಣ ಸರಿಯಿಲ್ಲ. ಕೋಲಾಕ್ಕೆ 2017ರಿಂದಲೂ 28 ಪರ್ಸೆಂಟ್ ಜಿಎಸ್‌ಟಿ, ಮೇಲೆ 12 ಪರ್ಸೆಂಟ್ ಪರಿಹಾರ ಸೆಸ್ ಇತ್ತು. ಎರಡೂ ಸೇರಿದರೆ 40. ಸೆಸ್ ತೆಗೆದು ದರವನ್ನೇ 40 ಮಾಡಿದರು. ಅಂಗಡಿಗೆ ಬಂದ ಬಾಟಲಿಯ ಮೇಲಿನ ಹೊರೆ ಮೊದಲಿದ್ದಷ್ಟೇ. ಬೆಲೆಯೇ ಏರದಿರುವಾಗ ಮಾರಾಟ ಯಾಕೆ ಇಳಿಯಬೇಕು?

ಮೆಕ್ಸಿಕೊದಲ್ಲಿ ಬೆಲೆ ಏರಿತ್ತು, ಸುಮಾರು ನೂರಕ್ಕೆ ಹತ್ತರಷ್ಟು. ಅಳೆದವರ ಲೆಕ್ಕದಲ್ಲಿ ಆ ಪಾನೀಯಗಳ ಖರೀದಿ ಮೊದಲ ವರ್ಷ ಸುಮಾರು 5.5 ಪರ್ಸೆಂಟ್, ಎರಡನೇ ವರ್ಷ 9.7 ಪರ್ಸೆಂಟ್ ಇಳಿಯಿತು. ಪವಾಡವೇನಲ್ಲ, ಸುಳ್ಳೂ ಅಲ್ಲ. ಲೀಟರಿನ ಮೇಲೆ ಹಾಕಿದ್ದರಿಂದ ಇನ್ನೊಂದು ಪರಿಣಾಮವೂ ಇದೆ. ದೊಡ್ಡ ಬಾಟಲಿಯಲ್ಲಿ ಲೀಟರಿನ ಬೆಲೆ ಅಗ್ಗವಲ್ಲವೇ, ಅದೇ ಒಂದು ಪೆಸೊ ಅಲ್ಲಿ ಹೆಚ್ಚು ಶೇಕಡಾ ಆಗುತ್ತದೆ. ನಮ್ಮಲ್ಲಿ ಬೆಲೆಯ ಮೇಲೆ ಶೇಕಡಾ ಹಾಕುವುದರಿಂದ ಅಗ್ಗದ ದೊಡ್ಡ ಬಾಟಲಿಗೆ ಲೀಟರಿಗೆ ಕಡಿಮೆಯೇ ಬೀಳುತ್ತದೆ.

ಈಗ ನಿಮ್ಮ ಅಂಗಡಿಯ ಕಪಾಟಿಗೇ ಬರೋಣ. ಇಪ್ಪತ್ತು ರೂಪಾಯಿ ಎಂಆರ್‌ಪಿಯ, 250 ಮಿಲಿಲೀಟರಿನ ಮೂರು ಬಾಟಲಿ ಇವೆ ಅಂತಿಟ್ಟುಕೊಳ್ಳಿ. ಮಾಮೂಲಿ ಕೋಲಾದಲ್ಲಿ ನೂರಕ್ಕೆ 10.6 ಗ್ರಾಂ ಸಕ್ಕರೆ ಹಿಡಿದರೆ ಬಾಟಲಿಗೆ 26.5 ಗ್ರಾಂ. ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುವುದರಿಂದ 20ನ್ನು 140ರಿಂದ ಭಾಗಿಸಿ 40ರಿಂದ ಗುಣಿಸಬೇಕು. 5 ರೂಪಾಯಿ 71 ಪೈಸೆ ಬರುತ್ತದೆ. ಸಕ್ಕರೆಯೇ ಇಲ್ಲದ ‘ಜೀರೊ’ ಕೋಲಾಕ್ಕೂ ಅದೇ 5 ರೂಪಾಯಿ 71 ಪೈಸೆ. ಇನ್ನು ಗ್ಯಾಸ್ ಇಲ್ಲದ ಮಾವಿನ ಪಾನೀಯ. ಲೇಬಲ್ಲಿನಲ್ಲಿ ನೂರಕ್ಕೆ 13 ಗ್ರಾಂ ಇದ್ದರೆ ಬಾಟಲಿಗೆ 32.5 ಗ್ರಾಂ, ಕೋಲಾಗಿಂತ ಜಾಸ್ತಿ. ಹಣ್ಣಿನ ರಸ ಬೆರೆತ ಪಾನೀಯ ಅನ್ನುವ ಲೆಕ್ಕದಲ್ಲಿ ಅದಕ್ಕೆ 5 ಪರ್ಸೆಂಟ್. ಇಪ್ಪತ್ತರಲ್ಲಿ 95 ಪೈಸೆ. ಅದೇ ಮಾವಿನ ಪಾನೀಯಕ್ಕೆ ಗ್ಯಾಸ್ ತುಂಬಿ, ಆಗ 40. ನೋಂದಣಿ ಇಲ್ಲದ ಚಿಕ್ಕ ಅಂಗಡಿಯಾದರೆ ಅಂಗಡಿಯವನ ಲಾಭದ ಪಾಲಿಗೆ ತೆರಿಗೆ ಬೀಳದೆ ಪೈಸೆ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ.

ಅಂದಮೇಲೆ ನಮ್ಮ 40 ಪರ್ಸೆಂಟನ್ನು ‘ಸಕ್ಕರೆ ತೆರಿಗೆ’ ಅನ್ನುವಂತಿಲ್ಲ. ನನ್ನನ್ನು ಕೇಳಿದರೆ ಅದು ಗ್ಯಾಸಿನ ತೆರಿಗೆ. ಅದು ಜನರನ್ನು ಸಕ್ಕರೆಯಿಂದ ದೂರ ತಳ್ಳುವುದಿಲ್ಲ, ಕೋಲಾದಿಂದ ಮಾವಿನ ಪಾನೀಯಕ್ಕೆ ತಳ್ಳಬಹುದು.

ಹಾಸನದಿಂದ

ಸರ್, ಬ್ರಿಟನ್ನಿನ ಅಧ್ಯಾಯದಲ್ಲಿ ನನಗೆ ಸಿಕ್ಕಿಕೊಂಡದ್ದು ಇದೇ. ‘ಜನ ಕೊಂಡದ್ದು ಬದಲಾಗಲಿಲ್ಲ, ಆದರೂ ತೆರಿಗೆ ಕೆಲಸ ಮಾಡಿತು’ ಎಂಬರ್ಥದ ವಾಕ್ಯವಿದೆ. ಕನ್ನಡದಲ್ಲಿ ಬರೆದರೆ ಒಂದು ಮಾತು ಇನ್ನೊಂದನ್ನು ಹೊಡೆದುಹಾಕುತ್ತದೆ.

ಚಿಕ್ಕಮಗಳೂರಿನಿಂದ

ಅಲ್ಲಿ ಬದಲಾದದ್ದು ಬಾಟಲಿಯ ಒಳಗಿನದು. 2016ರ ಮಾರ್ಚ್‌ನಲ್ಲಿ ಘೋಷಿಸಿ, ಎರಡು ವರ್ಷ ಬಿಟ್ಟು ಜಾರಿ ಮಾಡಿದರು. ನೂರಕ್ಕೆ 5 ಗ್ರಾಂಗಿಂತ ಕೆಳಗಿಳಿದರೆ ಸುಂಕವೇ ಇಲ್ಲ ಅಂದಾಗ, ಕಂಪನಿಗಳು ಆ ಎರಡು ವರ್ಷದಲ್ಲಿ ಸಕ್ಕರೆ ಇಳಿಸಿ ಬೇರೆ ಸಿಹಿಕಾರಕ ಬೆರೆಸಿದವು. ಮೊದಲು ಸುಮಾರು ಅರ್ಧದಷ್ಟು ಪಾನೀಯಗಳು 5 ಗ್ರಾಂ ಗೆರೆಯ ಮೇಲಿದ್ದವು, 2019ರ ಹೊತ್ತಿಗೆ ಅವು ನೂರಕ್ಕೆ 15ರಷ್ಟಾದವು. ಮನೆಗಳು ಕೊಂಡ ಲೀಟರು ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಆ ಲೀಟರುಗಳಲ್ಲಿದ್ದ ಸಕ್ಕರೆ ಮಾತ್ರ ಮನೆಗೆ ವಾರಕ್ಕೆ ಸುಮಾರು 30 ಗ್ರಾಂ ಇಳಿಯಿತು. ಮೆಟ್ಟಿಲು ಕಟ್ಟಿದ್ದರ ಫಲ ಅದು. ಮೆಕ್ಸಿಕೊದ ಸುಂಕದಲ್ಲಿ ಸಕ್ಕರೆಯನ್ನು ಅರ್ಧ ಮಾಡಿದರೂ ಕಂಪನಿಗೆ ಒಂದು ಪೆಸೊ ತಪ್ಪುತ್ತಿರಲಿಲ್ಲ.

ಆದ್ದರಿಂದ ‘ಖರೀದಿ’ ಎಂಬ ಒಂದೇ ಪದದಲ್ಲಿ ಎರಡನ್ನೂ ತುರುಕಬೇಡಿ. ‘ಕೊಂಡ ಪಾನೀಯ ಇಳಿಯಲಿಲ್ಲ, ಅದರೊಡನೆ ಮನೆಗೆ ಬಂದ ಸಕ್ಕರೆ ಇಳಿಯಿತು’ ಎಂದು ಬರೆದರೆ ಜಗಳವಿಲ್ಲ.

ಗಡಿಯ ಮಾತೊಂದನ್ನೂ ಸೇರಿಸಿಕೊಳ್ಳಿ. ಫಿಲಡೆಲ್ಫಿಯಾದ ದೊಡ್ಡ ಅಂಗಡಿಗಳಲ್ಲಿ ತೆರಿಗೆ ಬಿದ್ದ ಪಾನೀಯಗಳ ಮಾರಾಟ 51 ಪರ್ಸೆಂಟ್ ಇಳಿಯಿತು ಅಂತ ಮೊದಲು ಕಾಣಿಸಿತು. ನಗರದ ಹೊರಗಿನ ಅಂಗಡಿಗಳಲ್ಲಿ ಏರಿದ್ದನ್ನು ಕಳೆದಾಗ ಉಳಿದದ್ದು 38. ನಗರವೊಂದೇ ತೆರಿಗೆ ಹಾಕಿದರೆ ಜನ ಊರಾಚೆ ಹೋಗಿ ತರುತ್ತಾರೆ. ಜಿಎಸ್‌ಟಿ ದೇಶಕ್ಕೆಲ್ಲ ಒಂದೇ ಆದ್ದರಿಂದ ನಮಗೆ ಆ ತಲೆನೋವಿಲ್ಲ.

ಬೇಲೂರಿನಿಂದ

ತಡವಾಗಿ ಬಂದೆ. ‘ಆರೋಗ್ಯ ತೆರಿಗೆ’ಯ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಅದು ಬೇಡ. ಮನೆಗಂದಾಯದ ರಸೀದಿ ತೆಗೆದು ನೋಡಿ, ಆರೋಗ್ಯ ಸೆಸ್, ಗ್ರಂಥಾಲಯ ಸೆಸ್, ಭಿಕ್ಷುಕರ ಸೆಸ್ ಅಂತಿರುತ್ತದೆ. ಅವೆಲ್ಲ ಆ ಕೆಲಸಕ್ಕೆಂದು ಎತ್ತುವ ಹಣ. ಗ್ರಂಥಾಲಯ ಸೆಸ್ ಇರುವುದು ಗ್ರಂಥಾಲಯ ನಡೆಸಲು. ‘ಆರೋಗ್ಯ ತೆರಿಗೆ’ ಅಂದರೂ ಆಸ್ಪತ್ರೆಗೆ ದುಡ್ಡು ಎತ್ತುವುದು ಅಂತಲೇ ಓದುತ್ತಾರೆ. ಇಲ್ಲಿ ಹೇಳಬೇಕಾದದ್ದು ಕೊಳ್ಳದಂತೆ ಮಾಡಲು ಹಾಕುವ ತೆರಿಗೆ. ‘ತಡೆ ಸುಂಕ’ ಅನ್ನಬಹುದೇ? ತಂಬಾಕಿಗೂ ಹೆಂಡಕ್ಕೂ ಸಿಹಿಪಾನೀಯಕ್ಕೂ ಹೊಂದುತ್ತದೆ, ಪಾಪಪುಣ್ಯದ ಗೊಡವೆಯೂ ಇಲ್ಲ.

ಚಿಕ್ಕಮಗಳೂರಿನಿಂದ

‘ತಡೆ ಸುಂಕ’ ಕೇಳಿದರೆ ನನಗೆ ಚೆಕ್‌ಪೋಸ್ಟಿನ ಅಡ್ಡಗಂಬ ನೆನಪಾಗುತ್ತದೆ. ಮತ್ತೆ, ಸರ್ಕಾರಕ್ಕೆ ಇದರಿಂದ ಹಣವೂ ಬರುತ್ತದಲ್ಲ, ಬರೀ ತಡೆಯುವುದಕ್ಕೇ ಅಂತ ಹೇಗೆ ಹೇಳುವುದು? ಇದರಲ್ಲಿ ನಾನು ‘ಆರೋಗ್ಯ ತೆರಿಗೆ’ಯ ಕಡೆಗೇ. ಮೊದಲ ಪುಟದಲ್ಲಿ ಒಂದು ಸಾಲು ವಿವರಿಸಿದರೆ ಸಾಕು.

ಹಾಸನದಿಂದ

ರಸೀದಿಯ ವಾದ ನನಗೆ ಹಿಡಿಸಿತು, ಆದರೆ ‘ತಡೆ ಸುಂಕ’ವನ್ನು ಮಕ್ಕಳು ಹೇಗೆ ಓದುತ್ತಾರೋ ನೋಡಬೇಕು. ಸದ್ಯಕ್ಕೆ ಒಳಪುಟಗಳಲ್ಲಿ ‘ಸಿಹಿಪಾನೀಯ ಸುಂಕ’ವನ್ನೂ ಬ್ರಿಟನ್ನಿಗೆ ಮಾತ್ರ ‘ಸಕ್ಕರೆ ಪ್ರಮಾಣದ ಸುಂಕ’ವನ್ನೂ ಇಟ್ಟುಕೊಳ್ಳುತ್ತೇನೆ. ‘ತಂಪು ಪಾನೀಯ’ ಬಿಟ್ಟೆ, ಎಳನೀರು ಮಜ್ಜಿಗೆಯೂ ಅದರೊಳಗೆ ಬಂದುಬಿಡುತ್ತವೆ.

ಸಕಲೇಶಪುರದಿಂದ

ಮೇಡಂ, ಒಂದು ಮಾತು. ಅಂಗಡಿಗೆ ಬರೋರು ಕೋಲಾಕ್ಕೆ ‘ಕೂಲ್‌ಡ್ರಿಂಕ್ಸ್’ ಅಂತಾರೆ, ಮಾವಿನದಕ್ಕೆ ‘ಜ್ಯೂಸ್’ ಅಂತಾರೆ. ಮಗುಗೆ ಕೂಲ್‌ಡ್ರಿಂಕ್ಸ್ ಬೇಡ, ಜ್ಯೂಸ್ ಕೊಡಿ ಅಂತ ಕೇಳಿ ಒಯ್ತಾರೆ. ‘ಸಿಹಿಪಾನೀಯ’ ಅಂತ ಬರೆದರೆ ಜ್ಯೂಸೂ ಅದರಲ್ಲಿ ಸೇರಿತು ಅಂತ ಅವರಿಗೆ ಹೊಳೆಯಲ್ಲ. ‘ಬಾಟಲಿ ಜ್ಯೂಸ್, ಕೂಲ್‌ಡ್ರಿಂಕ್ಸ್’ ಅಂತ ಎರಡನ್ನೂ ಹೆಸರು ಹಿಡಿದು ಬರೀರಿ. ಬಾಟಲಿ ಹಿಂದೆ ‘ಆಡೆಡ್ ಶುಗರ್ಸ್’ ಅಂತ ಒಂದು ಸಾಲಿರುತ್ತೆ, ಅದರ ಚಿತ್ರವನ್ನೂ ಹಾಕಿ. ರಾಯರ ಲೆಕ್ಕ ನೋಡಿದ ಮೇಲೆ ನಾನೂ ಈಗಷ್ಟೇ ತಿರುಗಿಸಿ ನೋಡಿದೆ. ನನ್ನ ಕಪಾಟಿನ ಜ್ಯೂಸಿನಲ್ಲಿ ಪಕ್ಕದ ಕೋಲಾಗಿಂತ ಜಾಸ್ತಿ ಇದೆ.