ಸುಜಾತಕ್ಕನಿಗೆ ಕೇಳಿ: ರೆಡಿ ಪ್ಯಾಟರ್ನ್ ಓದುವುದು ಹೇಗೆ?

ಶಮೀಮಾ, ಉಳ್ಳಾಲ: ಅಕ್ಕ, ನಮ್ಮವರು ದುಬೈಯಿಂದ ಸಿಂಪ್ಲಿಸಿಟಿ ಕಂಪನಿಯ ಒಂದು ಕಾಗದದ ಪ್ಯಾಟರ್ನ್ ತಂದಿದ್ದಾರೆ. ಹೊಲಿಗೆ ಮಾರ್ಜಿನ್ ಅದರಲ್ಲೇ ಉಂಟಾ, ನಾವು ಬೇರೆ ಬಿಡಬೇಕಾ?

ಸುಜಾತಕ್ಕ: ಸಿಂಪ್ಲಿಸಿಟಿ, ಬಟರಿಕ್, ಮೆಕಾಲ್ಸ್, ವೋಗ್ ಇವುಗಳಲ್ಲಿ ಸಾಮಾನ್ಯವಾಗಿ 5/8 ಇಂಚು ಒಳಗೇ ಇರುತ್ತದೆ. ಬುರ್ದಾ ಪತ್ರಿಕೆಯ ಪ್ಯಾಟರ್ನ್‌ನಲ್ಲಿ ಇರುವುದಿಲ್ಲ, ನೀವೇ ಬಿಡಬೇಕು. ಒಳಗಿನ ಹಾಳೆಯಲ್ಲಿ ಬರೆದಿರುತ್ತದೆ, ಒಮ್ಮೆ ನೋಡಿ.

ಐರಿನ್, ಬೆಂದೂರು: ನನ್ನದು ಕೈಯ ವಿಷಯ. ಕೈಯ ಮೇಲಿನ ಗುಂಡು ಅಳೆದರೆ ಆರ್ಮ್‌ಹೋಲ್‌ಗಿಂತ ಒಂದೂಕಾಲು ಇಂಚು ಜಾಸ್ತಿ ಬರುತ್ತದೆ. ಪ್ಯಾಟರ್ನ್ ತಪ್ಪು ಅಂತ ಪಕ್ಕದ ಟೈಲರ್ ಅದನ್ನು ಕತ್ತರಿಸಿ ಸಮ ಮಾಡಿ ಕೊಟ್ಟರು. ಈಗ ಕೈ ಎತ್ತಿದರೆ ಇಡೀ ಡ್ರೆಸ್ ಮೇಲೆ ಬರುತ್ತದೆ.

ಸುಜಾತಕ್ಕ: ತಪ್ಪಲ್ಲ, ಬೇಕಂತಲೇ ಕೊಟ್ಟದ್ದು. ನಾಚ್ ಅಂದರೆ ಅಂಚಿನಲ್ಲಿರುವ ಜೋಡಿಸುವ ಗುರುತು. ಒಂದು ನಾಚ್ ಇದ್ದದ್ದು ಮುಂದಿನ ಭಾಗಕ್ಕೆ, ಎರಡು ನಾಚ್ ಇದ್ದದ್ದು ಹಿಂದಿನ ಭಾಗಕ್ಕೆ. ಕಂಕುಳಿಂದ ನಾಚ್‌ವರೆಗೆ ಎರಡೂ ಬಟ್ಟೆ ಸಮ ಕೂರುತ್ತವೆ. ಆ ಜಾಸ್ತಿ ಬಟ್ಟೆಯನ್ನು ನಾಚ್‌ನಿಂದ ಭುಜದ ಚುಕ್ಕೆಯವರೆಗೆ ಮಾತ್ರ, ಉದ್ದ ಹೊಲಿಗೆ ಹಾಕಿ ನೂಲು ಎಳೆದು ಕೂರಿಸಬೇಕು. ಕತ್ತರಿಸಿದ ಗುಂಡು ಮತ್ತೆ ಬರುವುದಿಲ್ಲ. ಬಟ್ಟೆ ಉಳಿದಿದ್ದರೆ ಹೊಸ ಕೈ ಕತ್ತರಿಸಿ.

ರಶ್ಮಿ, ಮಣಿಪಾಲ: ಅಕ್ಕ, ಅಮ್ಮನ ಉಡುಪಿ ಸೀರೆ ಒಂದು ಉಂಟು, ಒಮ್ಮೆಯೂ ಉಟ್ಟಿಲ್ಲ. ಅದರಲ್ಲಿ ಫ್ರಾಕ್ ಹೊಲಿಯುವ ಆಸೆ, ಬಾರ್ಡರ್ ಕೆಳಗೆ ಸುತ್ತ ಬರಬೇಕು. ಪ್ಯಾಟರ್ನ್‌ನಲ್ಲಿ ಬಾಡಿ ಬೇರೆ, ಕೆಳಗೆ ಸ್ವಲ್ಪ ಫ್ಲೇರ್ ಇರುವ ಸ್ಕರ್ಟ್ ಬೇರೆ. ಕವರ್ ಹಿಂದೆ 45 ಇಂಚು ಅಗಲಕ್ಕೆ 2⅝ ಗಜ ಅಂತ ಉಂಟು. ಸೀರೆ ಐದೂವರೆ ಮೀಟರ್, ಅಗಲ 46 ಇಂಚು, ಎರಡೂ ಬದಿ 2 ಇಂಚು ಬಾರ್ಡರ್. ಅಂದರೆ ಎರಡು ಫ್ರಾಕ್ ಆಗಬೇಕಲ್ವಾ? ಆದರೆ ಬಾಣದ ಗೆರೆ ಬಾರ್ಡರಿಗೆ ಉದ್ದುದ್ದಕ್ಕೆ ಬರಬೇಕು ಅಂತ ಉಂಟು. ಹಾಗೆ ಇಟ್ಟರೆ ಬಾರ್ಡರ್ ಸೊಂಟದಿಂದ ಕಾಲಿಗೆ ಬರುತ್ತದೆ.

ಗಣೇಶ್ ಟೈಲರ್, ಸುರತ್ಕಲ್: ಗ್ರೇನ್ ಅಂದರೆ ನೂಲಿನ ದಾರಿ, ಅದನ್ನು ತಿರುಗಿಸಲೇಬಾರದು ಮಾರಾಯ್ರೆ. ತಿರುಗಿಸಿದರೆ ಬಟ್ಟೆ ಜೋಲುತ್ತದೆ.

ಪ್ರತಿಮಾ, ಕಾಪು: ಫಾರ್ವರ್ಡ್ ಬಂದದ್ದು 👇 ಉಪ್ಪು ಮತ್ತು ವಿನೆಗರ್ ಹಾಕಿದ ನೀರಲ್ಲಿ ರಾತ್ರಿ ಇಡೀ ನೆನೆಸಿದರೆ ಗ್ರೇನ್ ತಾನಾಗಿ ನೇರವಾಗುತ್ತದೆ, ಬಣ್ಣವೂ ಹೋಗುವುದಿಲ್ಲ. ಯಾವ ಫ್ರಾಕ್‌ಗೂ ಎರಡೂವರೆ ಮೀಟರ್ ಸಾಕು, ಕವರ್‌ನ ಲೆಕ್ಕ ಬಟ್ಟೆ ಮಾರಲಿಕ್ಕೆ ಮಾಡಿದ್ದು.

ಸುಜಾತಕ್ಕ: ರಶ್ಮಿ, ಫೋಟೋ ಕಳಿಸು. ಸ್ಕರ್ಟ್ ಪೀಸ್‌ನ ಕೆಳಗಿನ ಗೆರೆಯ ಮೇಲೆ ಉದ್ದದ ಸ್ಕೇಲ್ ಇಟ್ಟು ತೆಗೆ.

ನಿಶಾ: ನಾನು ಅಂಗಡಿಯಲ್ಲಿ ಎಂ ಸೈಜ್ ತೆಗೆಯುವುದು, ಪ್ಯಾಟರ್ನ್‌ನಲ್ಲಿ ಎಷ್ಟು?

ಸುಜಾತಕ್ಕ: ಮೈ ಅಳತೆ ನೋಡಿ. ಎದೆ 36 ಇದ್ದರೆ ಸಿಂಪ್ಲಿಸಿಟಿಯಲ್ಲಿ 14. ಅಂಗಡಿಯ ಎಂ ಲೆಕ್ಕಕ್ಕೆ ಬರುವುದಿಲ್ಲ.

ರಶ್ಮಿ, ಮಣಿಪಾಲ: (ಫೋಟೋ) ಸ್ಕೇಲ್ ಮಧ್ಯದಲ್ಲಿ ತಾಗುತ್ತದೆ, ಬದಿಯಲ್ಲಿ ಎರಡು ಇಂಚು ಮೇಲೆ ಹೋಗುತ್ತದೆ.

ಸುಜಾತಕ್ಕ: ಹಾಂ, ನಾನು ಹುಡುಕಿದ್ದು ಅದೇ. ಗ್ರೇನ್ ಆಮೇಲೆ ನೋಡುವ, ನಿನ್ನ ಮೊದಲ ತೊಂದರೆ ಆ ಎರಡು ಇಂಚು. ಫ್ಲೇರ್ ಇರುವ ಸ್ಕರ್ಟ್‌ನ ಕೆಳಗೆರೆ ಬಾಗಿರುತ್ತದೆ, ಸೀರೆಯ ಬಾರ್ಡರ್ ಬಾಗುವುದಿಲ್ಲ. ಬಾರ್ಡರಿಗೆ ಸರಿಯಾಗಿ ನೇರ ಕತ್ತರಿಸಿದರೆ ಹಾಕಿಕೊಂಡಾಗ ಎರಡೂ ಬದಿಯ ಹೊಲಿಗೆಯ ಹತ್ತಿರ ಸ್ಕರ್ಟ್ ಕೆಳಗೆ ಇಳಿಯುತ್ತದೆ. ಬಾಗಿಸಿ ಕತ್ತರಿಸಿದರೆ ಬಾರ್ಡರ್ ಬದಿಯಲ್ಲಿ ಕತ್ತರಿಗೆ ಹೋಗುತ್ತದೆ. ಹಾಗಾಗಿ ಪ್ಯಾಟರ್ನ್‌ನ ಸ್ಕರ್ಟ್ ಪೀಸ್ ಬಿಟ್ಟುಬಿಡು. ಬಾಡಿ ಮತ್ತು ಕೈ ಮಾತ್ರ ಪ್ಯಾಟರ್ನ್‌ನಿಂದ ತಗೊ, ಕೆಳಗೆ ನೆರಿಗೆಯ ಚೌಕ ಸ್ಕರ್ಟ್ ಹಾಕು.

ಇನ್ನು ಬಾಣ. ಅದು ಹೇಳುವುದು ಬಟ್ಟೆಯ ಉದ್ದಕ್ಕೆ ಹೋಗುವ ಹಾಸಿನ ನೂಲು ಮೇಲಿಂದ ಕೆಳಗೆ ಬರಲಿ ಅಂತ. ಮಗ್ಗದಲ್ಲಿ ಹಾಸು ಬಿಗಿಯಾಗಿ ಎಳೆದಿರುತ್ತದೆ, ಅದಕ್ಕೇ ಉದ್ದಕ್ಕೆ ಬಟ್ಟೆ ಕಡಿಮೆ ಎಳೆಯುತ್ತದೆ, ಅಡ್ಡ ಹೋಗುವ ಹೊಕ್ಕಿನ ಕಡೆ ಸ್ವಲ್ಪ ಹಿಗ್ಗುತ್ತದೆ. ಬಾರ್ಡರ್ ಕೆಳಗೆ ಬೇಕಾದರೆ ಬಾಣವನ್ನು ಪೂರ್ತಿ ಅಡ್ಡ ತಿರುಗಿಸಬೇಕು, ಅಂದರೆ ಹೊಕ್ಕು ಮೇಲಿಂದ ಕೆಳಗೆ ಬರುತ್ತದೆ. ಹತ್ತಿ ಸೀರೆಯಲ್ಲಿ ನೆರಿಗೆ ಸ್ಕರ್ಟ್‌ಗೆ ಅದು ನಡೆಯುತ್ತದೆ. ನೆರಿಗೆ ಸ್ವಲ್ಪ ಉಬ್ಬಿ ನಿಲ್ಲಬಹುದು, ಅಷ್ಟೆ. ಆದರೆ ಎಲ್ಲ ಸ್ಕರ್ಟ್ ಪೀಸೂ ಒಂದೇ ರೀತಿ ತಿರುಗಬೇಕು. ಒಂದು ನೇರ ಒಂದು ಅಡ್ಡ ಮಾಡಿದರೆ ನಾಲ್ಕು ಸಲ ಒಗೆದ ಮೇಲೆ ಉದ್ದ ಬೇರೆ ಬೇರೆ ಆಗಿ ಗೊತ್ತಾಗುತ್ತದೆ.

ಗಣೇಶ್ ಟೈಲರ್, ಸುರತ್ಕಲ್: ಮೂವತ್ತು ವರ್ಷ ಪ್ಯಾಂಟ್ ಹೊಲಿದಿದ್ದೇನೆ. ತಿರುಗಿಸಿದ ಪ್ಯಾಂಟ್ ಕಾಲಿಗೆ ಸುತ್ತಿಕೊಳ್ಳುತ್ತದೆ, ಬೇಕಾದರೆ ಮಾಡಿ ನೋಡಿ.

ಸುಜಾತಕ್ಕ: ಪ್ಯಾಂಟ್‌ಗೆ ನೀವು ಹೇಳಿದ್ದು ಸರಿ, ನಾನೂ ತಿರುಗಿಸುವುದಿಲ್ಲ. ಆದರೆ ಕಾಲಿಗೆ ಸುತ್ತುವುದು ಬಟ್ಟೆ ಓರೆಯಾದಾಗ, ಬಾಣ ಒಂದು ತುದಿಯಲ್ಲಿ ಅಂಚಿಗೆ 9 ಇಂಚು, ಇನ್ನೊಂದು ತುದಿಯಲ್ಲಿ ಎಂಟೂವರೆ ಇದ್ದಾಗ. ರಶ್ಮಿಯದು ಓರೆ ಅಲ್ಲ, ಅಡ್ಡ.

ಐರಿನ್, ಬೆಂದೂರು: ಗಣೇಶ್‌ರವರೆ, ನನ್ನ ಕೈ ಕತ್ತರಿಸಿ ಕೊಟ್ಟವರೂ ಇಪ್ಪತ್ತೈದು ವರ್ಷ ಹೊಲಿದವರೇ 🙂

ಗಣೇಶ್ ಟೈಲರ್, ಸುರತ್ಕಲ್: ಅವರನ್ನು ಕೇಳಿ, ನನ್ನನ್ನು ಯಾಕೆ ಕೇಳುತ್ತೀರಿ? ಕಾಗದ ನೋಡಿ ಹೊಲಿಯುವವರಿಗೆ ಮೈ ನೋಡಿ ಹೊಲಿಯಲು ಬರುವುದಿಲ್ಲ.

ಐರಿನ್, ಬೆಂದೂರು: ಮೈ ನೋಡಿ ಹೊಲಿದದ್ದೇ ಈಗ ಕೈ ಎತ್ತಲಿಕ್ಕೆ ಆಗದ್ದು.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಸುಜಾತಕ್ಕ: ರಶ್ಮಿ, ಬಟ್ಟೆಯ ಲೆಕ್ಕ. 2⅝ ಗಜ ಅಂದರೆ 2.4 ಮೀಟರ್. ಆದರೆ ಆ ಲೆಕ್ಕ ಕಂಪನಿಯವರು ಎಲ್ಲ ಪೀಸನ್ನೂ ಬಾಣ ನೇರ ಇಟ್ಟು, ಒಂದರ ಸಂದಿಗೆ ಇನ್ನೊಂದು ತುರುಕಿ ಮಾಡಿದ್ದು. ನೀನು ಬಾಣ ತಿರುಗಿಸಿದ ಕೂಡಲೇ ಆ ಅಂಕಿ ನಿನ್ನದಲ್ಲ. ಹೊಸದಾಗಿ ನೆಲದ ಮೇಲೆ ಹಾಸಿ ನೋಡಬೇಕು. ಸೀರೆ 216 ಇಂಚು ಅಂತ ಇಟ್ಟುಕೊ. ಸೆರಗಿಗೆ 30 ಬಿಡು. ಸ್ಕರ್ಟ್‌ಗೆ 45 ಇಂಚಿನ ಎರಡು ಪೀಸ್, 90. ಉಳಿದದ್ದು 96.

ಸ್ಕರ್ಟ್ ಉದ್ದ 27 ಬೇಕಾದರೆ ಬಾರ್ಡರ್ ತುದಿಯಿಂದ ಮೇಲಕ್ಕೆ 27 ಮುಕ್ಕಾಲು ಕತ್ತರಿಸು. ಕೆಳಗೆ ಮಡಚುವುದು ಬೇಡ, ಸೀರೆಯ ಅಂಚೇ ಉಂಟು. ಆ 90 ಇಂಚು ಉದ್ದಕ್ಕೂ ಮೇಲೆ 18 ಇಂಚಿನ ಪಟ್ಟಿ ಉಳಿಯುತ್ತದೆ. ಅದರ ತುದಿಯಲ್ಲಿ ಎರಡನೇ ಬಾರ್ಡರ್ ಉಂಟಲ್ವಾ, ಎರಡೂ ಕೈ ಅಲ್ಲಿಂದ ತೆಗೆ, ಬಾರ್ಡರ್ ಕೈಯ ತುದಿಗೆ ಬರುತ್ತದೆ. ಕೈಯ ಕೆಳಗೆರೆ ನೇರ ಉಂಟಾ ಅಂತ ಮೊದಲು ಸ್ಕೇಲ್ ಇಡು. ಬಾಡಿ ಆ ಪಟ್ಟಿಯಲ್ಲಿ ಬೇಡ, ಇಕ್ಕಟ್ಟಾಗುತ್ತದೆ. ಉಳಿದ 96ರಲ್ಲಿ ಸೀರೆಯನ್ನು ಬಾರ್ಡರಿಗೆ ಬಾರ್ಡರ್ ಸೇರಿಸಿ ಉದ್ದಕ್ಕೆ ಮಡಚಿ, ಬಾಣ ನೇರ ಇಟ್ಟು, ಮುಂದಿನದು, ಅದರ ಕೆಳಗೆ ಹಿಂದಿನದು ಇಡು. ತುದಿ ಬಾಗಿ ಪೀಸ್‌ನ ಬದಿ ತೋರಿಸುವ ಬಾಣ ಇದ್ದರೆ ಆ ಬದಿ ಮಡಿಕೆಯ ಮೇಲೆ ಬರಬೇಕು, ಅಲ್ಲಿ ಕತ್ತರಿ ಹಾಕಬೇಡ. ಒಂದೊಂದು 17 ಇಂಚು ಅಂತ ಹಿಡಿದರೂ ಧಾರಾಳ ಉಳಿಯುತ್ತದೆ. ಹಾಗೆಂದು ಎರಡು ಫ್ರಾಕ್ ಆಗುವುದಿಲ್ಲ.

ಇನ್ನೊಂದು ಮಾತು, ಇದನ್ನು ಎಲ್ಲರೂ ಮರೆಯುತ್ತಾರೆ. ಪ್ಯಾಟರ್ನ್ ಸ್ಕರ್ಟ್ ಬಿಟ್ಟರೆ ಸೊಂಟದ ನಾಚ್‌ಗಳೂ ಹೋದವು. ಬಾಡಿಯಲ್ಲಿ ನಾಚ್ ಇರುತ್ತದೆ, ಚೌಕ ಬಟ್ಟೆಯಲ್ಲಿ ಅದರ ಜೋಡಿ ಇರುವುದಿಲ್ಲ. ಎರಡು ಸ್ಕರ್ಟ್ ಪೀಸ್ ಬದಿಯಲ್ಲಿ ಜೋಡಿಸಿ, ಮುಂದಿನ ಮಧ್ಯ, ಹಿಂದಿನ ಮಧ್ಯ ನೂಲಿನಲ್ಲಿ ಗುರುತು ಮಾಡು. ಬಾಡಿಯಲ್ಲೂ ಹಾಗೇ. ಮಧ್ಯಕ್ಕೆ ಮಧ್ಯ, ಬದಿಗೆ ಬದಿ ಪಿನ್ ಹಾಕಿದ ಮೇಲೆಯೇ ನೆರಿಗೆಯ ನೂಲು ಎಳೆಯುವುದು. ಇಲ್ಲದಿದ್ದರೆ ನೆರಿಗೆ ಎಲ್ಲ ಒಂದು ಬದಿಗೆ ಸರಿಯುತ್ತದೆ, ಹೊಲಿದು ಮುಗಿದ ಮೇಲೆಯೇ ಕಾಣುವುದು. ನಾಚ್‌ಗೆ ಕತ್ತರಿಯಲ್ಲಿ ಒಳಗೆ ಕಚ್ಚು ಹಾಕಬೇಡ, ಕೈಮಗ್ಗದ ಬಟ್ಟೆ ಬಿಚ್ಚಿಕೊಳ್ಳುತ್ತದೆ. ಹೊರಗೆ ತ್ರಿಕೋನ ಬಿಟ್ಟು ಕತ್ತರಿಸು.

ರಶ್ಮಿ, ಮಣಿಪಾಲ: ಅಕ್ಕ ಥ್ಯಾಂಕ್ಸ್ 🙏 ಒಳಗೆ ಲೈನಿಂಗ್ ಹಾಕಿದರೆ ಅದಕ್ಕೂ ಬಾಣ ತಿರುಗಿಸಬೇಕಾ?

ಪ್ರತಿಮಾ, ಕಾಪು: ಉಪ್ಪುನೀರಿನ ಬಗ್ಗೆ ಯಾರೂ ಹೇಳಲೇ ಇಲ್ಲ.

ಸುಜಾತಕ್ಕ: ಹೇಳಲಿಕ್ಕೆ ಎಂತ ಉಂಟು? ಗ್ರೇನ್ ನೂಲಿನ ದಾರಿ, ನೀರಲ್ಲಿ ಎಂತ ಹಾಕಿದರೂ ತಾನಾಗಿ ತಿರುಗುವುದಿಲ್ಲ. ಉಪ್ಪು ಹಾಕುವುದು ಬಣ್ಣ ಅದ್ದುವ ಪಾತ್ರೆಗೆ, ಒಣಗಿ ಅಂಗಡಿಗೆ ಬಂದ ಸೀರೆಯ ಬಣ್ಣವನ್ನು ಅದು ಹಿಡಿಯುವುದಿಲ್ಲ. ಬಾರ್ಡರಿನಲ್ಲಿ ಜರಿ ಇದ್ದರೆ ವಿನೆಗರ್ ತಾಗಿಸಲೇಬೇಡಿ. ಸೆರಗಿನ ಒಂದು ಮೂಲೆ ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ, ಬಣ್ಣ ಬಿಡುತ್ತದಾ ಗೊತ್ತಾಗುತ್ತದೆ. ಕವರ್‌ನ ಲೆಕ್ಕ ಮೋಸ ಅಂತ ಬರೆದವರಿಗೆ ಒಂದು ಮಾತು: ಅದರಲ್ಲಿ ಬಟ್ಟೆ ಕುಗ್ಗುವುದನ್ನೂ, ಚೌಕುಳಿ ಜೋಡಿಸುವುದನ್ನೂ ಸೇರಿಸುವುದೇ ಇಲ್ಲ, ಎಷ್ಟೋ ಸಲ ಕಮ್ಮಿಯೇ ಆಗುತ್ತದೆ. ದಯವಿಟ್ಟು ಫಾರ್ವರ್ಡ್ ಇಲ್ಲಿ ಹಾಕಬೇಡಿ.

ಪ್ರತಿಮಾ, ಕಾಪು: ಒಳ್ಳೆಯದಕ್ಕೆ ಹಾಕಿದ್ದು. ಇಷ್ಟು ಕೋಪ ಬೇಡ.

ಜ್ಯೋತಿ: ಪ್ಯಾಟರ್ನ್‌ನಲ್ಲಿ ಮಾರ್ಜಿನ್ ಬಿಟ್ಟಿರುತ್ತಾರಾ?

ಸುಜಾತಕ್ಕ: ಮೇಲೆ ಉಂಟು.

ನಿಶಾ: ಅಕ್ಕ, 60 ಇಂಚಿನ ಕಾಲಂ ಪಕ್ಕ ನಕ್ಷತ್ರ ಎಂತಕ್ಕೆ?

ಸುಜಾತಕ್ಕ: ಕವರ್‌ನಲ್ಲೇ ಕೆಳಗೆ ಅದೇ ನಕ್ಷತ್ರ ಹುಡುಕಿ. ಹೆಚ್ಚಾಗಿ ವೆಲ್ವೆಟ್ ಅಥವಾ ಒಂದೇ ಕಡೆ ತಲೆ ಇರುವ ಹೂವಿನ ಬಟ್ಟೆಯ ಲೆಕ್ಕ ಅದು. ಎಲ್ಲ ಪೀಸಿನ ತಲೆಯೂ ಒಂದೇ ಕಡೆ ಇಡಬೇಕು, ಅದಕ್ಕೆ ಬಟ್ಟೆ ಜಾಸ್ತಿ.

ಮಮತಾ, ಕಿನ್ನಿಗೋಳಿ: 36 ಇಂಚು ಅಗಲದ ಪಾಪ್ಲಿನ್‌ಗೆ 45ರ ಲೆಕ್ಕವನ್ನು ಎಷ್ಟರಿಂದ ಗುಣಿಸಬೇಕು?

ಗಣೇಶ್ ಟೈಲರ್, ಸುರತ್ಕಲ್: ಕಾಲು ಭಾಗ ಜಾಸ್ತಿ ತಗೊಳ್ಳಿ.

ಸುಜಾತಕ್ಕ: ಗುಣಿಸಿ ಆಗುವುದಿಲ್ಲ. ಮಡಚಿದರೆ 18 ಇಂಚು. ಅದಕ್ಕಿಂತ ಅಗಲದ ಪೀಸ್ ಒಂದೇ ಇದ್ದರೂ ಎಷ್ಟು ಮೀಟರ್ ತಂದರೂ ಹಿಡಿಯುವುದಿಲ್ಲ. ಮೊದಲು ದೊಡ್ಡ ಪೀಸಿನ ಅಗಲ ಅಳೆಯಿರಿ. ರಶ್ಮಿ, ಸೀರೆಯ ಗಂಜಿ ತೆಗೆದೆಯಾ? ಬರೀ ನೀರಲ್ಲಿ ನೆನೆಸಿ ಒಣಗಿಸಿದ ಮೇಲೆಯೇ ಅಳೆಯುವುದು, ನಾನು ಹೇಳಿದ ಇಂಚೆಲ್ಲ ಆಗ ಸ್ವಲ್ಪ ಬದಲಾಗುತ್ತದೆ.

ರಶ್ಮಿ, ಮಣಿಪಾಲ: ನೆನೆಸಿ ಒಣಗಿಸಿದೆ ಅಕ್ಕ. ಅಡ್ಡಕ್ಕೆ ಒಂದು ನೂಲು ಎಳೆದು ನೋಡಿದರೆ ಅದು ಬಾರ್ಡರಿಗೆ ನೇರ ಇಲ್ಲ. ಈ ಬದಿಯಿಂದ ಆ ಬದಿಗೆ ಹೋಗುವಾಗ ಒಂದೂವರೆ ಇಂಚು ಇಳಿದಿದೆ. ಬಾರ್ಡರ್ ಹಿಡಿಯಬೇಕಾ, ನೂಲು ಹಿಡಿಯಬೇಕಾ?

ಸುಜಾತಕ್ಕ: ಕತ್ತರಿ ಇಡು ಕೆಳಗೆ. ಇನ್ನೊಮ್ಮೆ ಒದ್ದೆ ಮಾಡಿ, ನೂಲು ಇಳಿದ ಬದಿಯ ಮೇಲಿನ ಮೂಲೆ ಒಬ್ಬರು, ಎದುರು ಬದಿಯ ಕೆಳಗಿನ ಮೂಲೆ ಒಬ್ಬರು ಹಿಡಿದು ಓರೆಗೆ ಎಳೆಯಿರಿ, ಮೊಳ ಮೊಳ ಸರಿದು ಹಾಗೇ ಮಾಡುತ್ತಾ ಹೋಗಿ. ಸಮತಟ್ಟು ಹಾಸಿ ಒಣಗಿಸಿ ಮತ್ತೆ ಅಳೆ. ಅರ್ಧ ಇಂಚಿನೊಳಗೆ ಬಂದರೆ ಕತ್ತರಿಸು.

ಗಣೇಶ್ ಟೈಲರ್, ಸುರತ್ಕಲ್: ಬಾರದಿದ್ದರೆ ಬಾರ್ಡರ್ ಹಿಡಿಯಿರಿ. ನೋಡುವವರಿಗೆ ನೂಲು ಕಾಣುವುದಿಲ್ಲ, ಬಾರ್ಡರ್ ಕಾಣುತ್ತದೆ.

ಸುಜಾತಕ್ಕ: ಸ್ಕರ್ಟ್‌ಗೆ ಆಗಬಹುದು, ನೆರಿಗೆಯಲ್ಲಿ ಮುಚ್ಚಿಹೋಗುತ್ತದೆ. ಬಾಡಿಗೆ ನಾನು ಒಪ್ಪುವುದಿಲ್ಲ.

ಗಣೇಶ್ ಟೈಲರ್, ಸುರತ್ಕಲ್: ನಾನು ಬಾಡಿಗೂ ಅದೇ ಮಾಡುತ್ತೇನೆ.

ಜ್ಯೋತಿ: ಮೇಲೆ ಎಲ್ಲಿ ಉಂಟು? ನನಗೆ ಕಾಣುವುದಿಲ್ಲ.